ಏಳು ಲಕ್ಷಣಗಳ ಪಟ್ಟಿಯನ್ನು ಹರಿದು ಹಾಕೋಣ

ಕಳೆದ ವರ್ಷ ಒಂದು ಅಂತರಕಾಲೇಜು ಪ್ರಬಂಧ ಸ್ಪರ್ಧೆಗೆ ನಾನೂ ಒಬ್ಬ ತೀರ್ಪುಗಾರನಾಗಿದ್ದೆ. 63 ಪ್ರಬಂಧಗಳು ಬಂದಿದ್ದವು. ಓದಲು ಕೂರುವ ಮೊದಲು ಸಂಚಾಲಕರು ನಮ್ಮ ಮೂವರಿಗೂ ಒಂದೊಂದು ಹಾಳೆ ಕೊಟ್ಟರು. "ಸರ್, ಇದನ್ನ ಪಕ್ಕದಲ್ಲಿ ಇಟ್ಕೊಳ್ಳಿ. ಈಗ ಹುಡುಗರೆಲ್ಲ ಎಐ ಹತ್ರ ಬರೆಸ್ಕೊಂಡು ಬರ್ತಾರೆ. ಇದರಲ್ಲಿ ನಾಲ್ಕು ಲಕ್ಷಣ ಕಂಡ್ರೆ ತೆಗೆದಿಟ್ಬಿಡಿ" ಅಂದರು.

ಹಾಳೆಯಲ್ಲಿ ಏಳು ಲಕ್ಷಣಗಳಿದ್ದವು. ಉದ್ದನೆಯ ಅಡ್ಡಗೆರೆ. ಮೂರು ಮೂರಾಗಿ ಜೋಡಿಸಿದ ಪದಗಳು. 'ಕೇವಲ ಇದಷ್ಟೇ ಅಲ್ಲ' ಎಂಬ ಬಗೆಯ ವಾಕ್ಯ. ಪ್ರತಿ ಪ್ಯಾರಾದ ಕೊನೆಗೆ ಸಾರಾಂಶದಂಥ ಒಂದು ಸಾಲು. ಒಂದೇ ಅಳತೆಯ ಪ್ಯಾರಾಗಳು. 'ಒಟ್ಟಾರೆಯಾಗಿ' ಎಂದು ಶುರುವಾಗುವ ಮುಕ್ತಾಯ. ಏಳನೆಯದು, ಕಾಗುಣಿತದ ತಪ್ಪೇ ಇಲ್ಲದಿರುವುದು.

ಊರಿನ ಸೈಕಲ್ ಶಾಪೊಂದು ಬಾಗಿಲು ಹಾಕಿದ್ದರ ಬಗ್ಗೆ ಒಂದು ಪ್ರಬಂಧವಿತ್ತು. ಚೆನ್ನಾಗಿತ್ತು. ಆದರೆ ಏಳರಲ್ಲಿ ಐದು ಲಕ್ಷಣ ಅದರಲ್ಲಿದ್ದವು. ಮೂವರೂ ತಲೆಯಾಡಿಸಿದೆವು, ಪಕ್ಕಕ್ಕಿಟ್ಟೆವು, ಕಾರಣ ಬರೆದ ಹಾಳೆಗೆ ನಾನು ಸಹಿ ಹಾಕಿದೆ. ಹದಿನೈದು ದಿನದ ಮೇಲೆ ಅದನ್ನು ಬರೆದ ಹುಡುಗಿ ನನ್ನನ್ನು ಹುಡುಕಿಕೊಂಡು ಬಂದಳು. ಕೈಯಲ್ಲಿ ಇನ್ನೂರು ಪುಟದ ನೋಟ್‌ಬುಕ್. ಅದರಲ್ಲಿ ಆ ಪ್ರಬಂಧದ ಮೂರು ಕರಡುಗಳಿದ್ದವು, ಚಿತ್ತು ಕಾಟಿನ ಸಮೇತ. ಶಾಪಿನವನು ಅವಳ ಸೋದರಮಾವ. "ಸರ್, ಡಿಬೇಟಿಗೆ ಹೋಗ್ತಿದ್ದಾಗ ಮೂರು ಮೂರು ಪದ ಜೋಡಿಸೋದನ್ನ ನಮ್ಮ ಮೇಡಂ ಹೇಳಿಕೊಟ್ಟಿದ್ರು. ಕಾಗುಣಿತ ತಪ್ಪಬಾರದು ಅಂತ ನಮ್ಮಪ್ಪನ ಹತ್ರ ತಿದ್ದಿಸಿದೆ. ಅದು ತಪ್ಪಾಯ್ತಾ ಸರ್?" ಎಂದು ಕೇಳಿದಳು. "ಇಲ್ಲಮ್ಮ, ತಪ್ಪು ನಮ್ಮದು" ಅಂದೆ. ಫಲಿತಾಂಶ ಆಗಲೇ ಪ್ರಕಟವಾಗಿತ್ತು.

ಅಂದಿನಿಂದ ಇಂಥ ಪಟ್ಟಿಗಳ ಮೇಲೆ ನನಗೆ ಸಿಟ್ಟಿದೆ. ನಮ್ಮ ಪಟ್ಟಿಯಲ್ಲಿ ಒಂದೆರಡು ಲಕ್ಷಣ ತಪ್ಪಾಗಿ ಸೇರಿದ್ದವು, ಬೇರೆ ಸೇರಿಸಿದ್ದರೆ ಸರಿಹೋಗುತ್ತಿತ್ತು ಎಂದು ನನ್ನ ಸ್ನೇಹಿತರು ಸಮಾಧಾನ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಯಂತ್ರಕ್ಕೆ ಒಂದು ಶೈಲಿಯಿದೆ, ಅದು ಬೆರಳಚ್ಚಿನ ಹಾಗೆ ಬದಲಾಗದೆ ಉಳಿಯುತ್ತದೆ ಎಂಬ ನಂಬಿಕೆಯೇ ತಪ್ಪು. ಅದು ಯಾಕೆ ತಪ್ಪು ಎಂಬುದನ್ನು ನಾನು ಆಮೇಲೆ ಕಲಿತೆ. ಸಹಿ ಹಾಕುವ ಮೊದಲೇ ಕಲಿಯಬೇಕಿತ್ತು.

ಈ ನಂಬಿಕೆಗೆ ಒಂದು ಗೌರವಸ್ಥ ಮೂಲವೂ ಇದೆ. 1787-88ರಲ್ಲಿ ಅಮೆರಿಕದ ಸಂವಿಧಾನವನ್ನು ಸಮರ್ಥಿಸಿ 85 ಲೇಖನಗಳು 'ಪಬ್ಲಿಯಸ್' ಎಂಬ ಗುಪ್ತನಾಮದಲ್ಲಿ ಬಂದವು. ಬರೆದವರು ಹ್ಯಾಮಿಲ್ಟನ್, ಮ್ಯಾಡಿಸನ್, ಜೇ. ಇವುಗಳಲ್ಲಿ 12 ಲೇಖನಗಳು ಹ್ಯಾಮಿಲ್ಟನ್‌ನವೋ ಮ್ಯಾಡಿಸನ್‌ನವೋ ಎಂಬ ಜಗಳ ಬಹುಕಾಲ ನಡೆಯಿತು. 1964ರಲ್ಲಿ ಮೊಸ್ಟೆಲರ್ ಮತ್ತು ವ್ಯಾಲೇಸ್ ಎಂಬ ಸಂಖ್ಯಾಶಾಸ್ತ್ರಜ್ಞರು ಸಣ್ಣ ಸಣ್ಣ ಪದಗಳನ್ನು ಎಣಿಸಿ ಅದನ್ನು ಬಿಡಿಸಿದರು. ಹ್ಯಾಮಿಲ್ಟನ್ ಸಾವಿರ ಪದಕ್ಕೆ ಸುಮಾರು ಮೂರು ಸಲ 'ಅಪಾನ್' ಎಂದು ಬರೆಯುತ್ತಿದ್ದ. ಮ್ಯಾಡಿಸನ್ ಆ ಪದವನ್ನು ಬಳಸುತ್ತಿದ್ದುದೇ ಅಪರೂಪ. ಎಣಿಕೆ ಮ್ಯಾಡಿಸನ್ ಕಡೆಗೆ ಬೆರಳು ತೋರಿಸಿತು.

ಇದು ಫಲಿಸಿದ್ದಕ್ಕೆ ಕಾರಣವಿದೆ. ಮನುಷ್ಯ ಒಬ್ಬನೇ. ಅವನ ಸಣ್ಣ ಪದಗಳು ಅಭ್ಯಾಸದಿಂದ ಬಂದವು. ಅವನ್ನು ಬಳಸುತ್ತಿದ್ದೇನೆ ಎಂಬ ಎಚ್ಚರವೂ ಅವನಿಗಿರುವುದಿಲ್ಲ. ಹೋಲಿಸಿ ನೋಡಲು ಅವನೇ ಬರೆದದ್ದೆಂದು ಖಚಿತವಾಗಿ ಗೊತ್ತಿರುವ ಸಾವಿರಾರು ಪದಗಳ ಬರಹವಿತ್ತು. ಇಬ್ಬರಲ್ಲಿ ಯಾರು ಎಂಬಷ್ಟೇ ಪ್ರಶ್ನೆ. ನಮ್ಮ ಸ್ಪರ್ಧೆಯಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ. ಆ ಹುಡುಗಿಯ ಹಿಂದಿನ ಬರಹ ಒಂದನ್ನೂ ನಾವು ನೋಡಿರಲಿಲ್ಲ. ಇನ್ನೊಂದು ಕಡೆ ನಿಲ್ಲಿಸಿದ 'ಯಂತ್ರ' ಒಬ್ಬ ಬರಹಗಾರನೂ ಅಲ್ಲ.

ಹಾಗಾದರೆ ಯಂತ್ರದ ಶೈಲಿ ಎಲ್ಲಿಂದ ಬರುತ್ತದೆ? ಮೊದಲ ಹಂತದಲ್ಲಿ ಮಾಡೆಲ್ ಅಪಾರ ಪಠ್ಯವನ್ನು ಓದಿ, ಮುಂದಿನ ತುಣುಕು ಯಾವುದಿರಬಹುದು ಎಂದು ಊಹಿಸುವುದನ್ನು ಕಲಿಯುತ್ತದೆ. ಆ ಹಂತದಲ್ಲಿ ಅದಕ್ಕೆ ತನ್ನದೆನ್ನುವ ಧಾಟಿ ಇರುವುದಿಲ್ಲ. ವಕೀಲರ ನೋಟಿಸಿನ ಮೊದಲ ಸಾಲು ಕೊಟ್ಟರೆ ನೋಟಿಸಿನ ಹಾಗೆ, ಪ್ರೇಮಪತ್ರದ ಸಾಲು ಕೊಟ್ಟರೆ ಪ್ರೇಮಪತ್ರದ ಹಾಗೆ ಮುಂದುವರಿಸುತ್ತದೆ. ನಾವು 'ಎಐ ಶೈಲಿ' ಎಂದು ಗುರುತಿಸುವ ವಿನಯ, ಒಪ್ಪ ಓರಣ, ಎಲ್ಲವನ್ನೂ ಮೂರು ಅಂಶ ಮಾಡಿ ಹೇಳುವ ಗುಣ ಬಹುಪಾಲು ಎರಡನೆಯ ಹಂತದಲ್ಲಿ ಬರುತ್ತವೆ. ಒಂದೇ ಪ್ರಶ್ನೆಗೆ ಮಾಡೆಲ್ ಕೊಟ್ಟ ಹಲವು ಉತ್ತರಗಳನ್ನು ಕೆಲವರ ಮುಂದಿಟ್ಟು, ಯಾವುದು ಮೇಲು ಎಂದು ಕೇಳುತ್ತಾರೆ. ಅವರು ಮೆಚ್ಚಿದ ಬಗೆಯ ಉತ್ತರ ಹೆಚ್ಚು ಬರುವಂತೆ ಮಾಡೆಲನ್ನು ತಿದ್ದುತ್ತಾರೆ. 2022ರಲ್ಲಿ ಓಪನ್‌ಎಐ ಸಂಸ್ಥೆ ಈ ವಿಧಾನವನ್ನು ವಿವರಿಸಿದ ಪ್ರಬಂಧದಲ್ಲಿ, ಈ ಕೆಲಸಕ್ಕೆ ತೆಗೆದುಕೊಂಡವರು ಸುಮಾರು 40 ಜನ ಎಂದಿದೆ. ಅಂದರೆ ನಾವು ಯಂತ್ರದ ಸ್ವಭಾವ ಎಂದುಕೊಂಡದ್ದರಲ್ಲಿ ದೊಡ್ಡ ಪಾಲು ಒಂದು ಸಣ್ಣ ಗುಂಪಿನ ಅಭಿರುಚಿ ಮತ್ತು ಅವರ ಕೈಗೆ ಕೊಟ್ಟ ನಿಯಮಾವಳಿ.

ಮುಂದಿನ ಆವೃತ್ತಿ ತಯಾರಾಗುವಾಗ ಓದಿಸುವ ಪಠ್ಯ ಬದಲಾಗುತ್ತದೆ, ಮೆಚ್ಚುವವರು ಬದಲಾಗುತ್ತಾರೆ, ನಿಯಮಾವಳಿ ಬದಲಾಗುತ್ತದೆ. ಜನ ದೂರಿದ ಚಾಳಿಗಳನ್ನು ಬೇಕೆಂದೇ ಕಡಿಮೆ ಮಾಡುತ್ತಾರೆ. ಆಗ ಹಳೆಯ ಧಾಟಿ ಹೋಗಿ ಬೇರೊಂದು ಬರುತ್ತದೆ. ಹೆಸರು ಮಾತ್ರ ಎಷ್ಟೋ ಸಲ ಹಳೆಯದೇ ಇರುತ್ತದೆ. 2025ರ ಏಪ್ರಿಲ್ ಕೊನೆಯಲ್ಲಿ ಜಿಪಿಟಿ-4ಒ ಎಂಬ ಮಾಡೆಲ್‌ಗೆ ಒಂದು ಅಪ್‌ಡೇಟ್ ಬಂತು. ಅದು ಬಳಕೆದಾರರನ್ನು ವಿಪರೀತ ಹೊಗಳತೊಡಗಿತು. ಕೆಲವೇ ದಿನಗಳಲ್ಲಿ ಕಂಪನಿ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಒಂದೇ ಹೆಸರಿನಡಿ ಒಂದು ವಾರದೊಳಗೆ ಎರಡು ಸಲ ಧಾಟಿ ಬದಲಾಗಿತ್ತು. ಆ ವಾರ ಯಾರಾದರೂ 'ಅತಿ ಹೊಗಳಿಕೆ' ಎಂದು ಪಟ್ಟಿಗೆ ಸೇರಿಸಿದ್ದರೆ, ಮುಂದಿನ ವಾರಕ್ಕೇ ಅದು ಹಳಸಿರುತ್ತಿತ್ತು.

ಒಂದು ಪದದ ಕಥೆಯನ್ನೇ ಪೂರ್ತಿ ನೋಡೋಣ. ಇಂಗ್ಲಿಷಿನಲ್ಲಿ 'ಡೆಲ್ವ್' ಎಂಬ ಪದವಿದೆ. ಆಳಕ್ಕಿಳಿದು ಹುಡುಕುವುದು ಎಂದರ್ಥ. ಪಬ್‌ಮೆಡ್ ಎಂಬ ವೈದ್ಯಕೀಯ ಸಂಶೋಧನೆಗಳ ಭಂಡಾರದಲ್ಲಿ 2010ರಿಂದ 2024ರವರೆಗೆ ಬಂದ ಸುಮಾರು ಒಂದೂವರೆ ಕೋಟಿ ಸಾರಾಂಶಗಳನ್ನು ದಿಮಿತ್ರಿ ಕೋಬಾಕ್ ಮತ್ತು ಸಂಗಡಿಗರು ಪರಿಶೀಲಿಸಿದರು. ಹಿಂದಿನ ವರ್ಷಗಳ ನಡೆಯನ್ನು ನೋಡಿ 2024ರಲ್ಲಿ ಯಾವ ಪದ ಎಷ್ಟು ಬರಬೇಕಿತ್ತು ಎಂದು ಲೆಕ್ಕ ಹಾಕಿ, ನಿಜವಾಗಿ ಎಷ್ಟು ಬಂದಿದೆ ಎಂಬುದರ ಜೊತೆ ಹೋಲಿಸಿದರು. 'ಡೆಲ್ವ್ಸ್' ಎಂಬ ರೂಪ ನಿರೀಕ್ಷೆಗಿಂತ 25 ಪಟ್ಟಿಗೂ ಹೆಚ್ಚು ಬಂದಿತ್ತು. ಚಾಟ್‌ಜಿಪಿಟಿಯ ಕೈವಾಡ ಸ್ಪಷ್ಟವಾಗಿತ್ತು. 2024ರ ವಸಂತದ ಹೊತ್ತಿಗೆ ಇದು ಎಲ್ಲರ ಬಾಯಿಗೂ ಬಂತು. ಏಪ್ರಿಲ್‌ನಲ್ಲಿ ಅಮೆರಿಕದ ಹೂಡಿಕೆದಾರ ಪಾಲ್ ಗ್ರಹಾಂ, ತನಗೆ ಬಂದ ಪ್ರಸ್ತಾವದ ಇಮೇಲೊಂದರಲ್ಲಿ ಈ ಪದ ಕಂಡದ್ದನ್ನು ಸಾರ್ವಜನಿಕವಾಗಿ ಎತ್ತಿ ಆಡಿದ. ನೈಜೀರಿಯಾದ ಬರಹಗಾರರು ಸಿಟ್ಟಾದರು. ನಮ್ಮ ಶಾಲೆಗಳಲ್ಲಿ ಕಲಿಸುವ ಇಂಗ್ಲಿಷಿನಲ್ಲಿ ಇದು ಸಾಮಾನ್ಯ ಪದ, ನಿಮ್ಮ ಕಿವಿಗೆ ಯಂತ್ರದಂತೆ ಕೇಳಿದರೆ ನಾವೇನು ಮಾಡೋಣ ಎಂದರು.

ಆಮೇಲೇನಾಯಿತು? ಆರ್‌ಕೈವ್ ಎಂಬ ಇನ್ನೊಂದು ಸಂಶೋಧನಾ ಭಂಡಾರವನ್ನು ಪರಿಶೀಲಿಸಿದ ಗೆಂಗ್ ಮತ್ತು ಟ್ರೊಟ್ಟಾ ಎಂಬ ಸಂಶೋಧಕರು, ಈ ಪದ ಕುಖ್ಯಾತವಾದ ಸ್ವಲ್ಪ ದಿನಕ್ಕೇ ಅದರ ಬಳಕೆ ಇಳಿಯತೊಡಗಿದ್ದನ್ನು ತೋರಿಸಿದರು. ಅದೇ ಹೊತ್ತಿಗೆ, ಯಂತ್ರಕ್ಕೆ ಇಷ್ಟವಾದರೂ ಯಾರ ಕಣ್ಣಿಗೂ ಬೀಳದ 'ಸಿಗ್ನಿಫಿಕೆಂಟ್'ನಂಥ ಸಾಧಾರಣ ಪದಗಳು ಏರುತ್ತಲೇ ಇದ್ದವು. ಜನ ಯಂತ್ರವನ್ನು ಬಳಸುವುದು ಬಿಡಲಿಲ್ಲ. ಬಯಲಾದ ಗುರುತನ್ನು ಮಾತ್ರ ಒರೆಸಿಕೊಂಡರು. ಈ ನಡುವೆ ಬರ್ಲಿನ್ನಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧಕರು, ಯೂಟ್ಯೂಬ್‌ನಲ್ಲಿ ವಿದ್ವಾಂಸರು ಬಾಯಲ್ಲಿ ಆಡಿದ ಮಾತಿನಲ್ಲೂ 'ಡೆಲ್ವ್' ಹೆಚ್ಚಿದ್ದನ್ನು ಕಂಡರು. ಯಂತ್ರದ ಬರಹ ಓದಿ ಓದಿ ಮನುಷ್ಯರ ಬಾಯಿಗೂ ಆ ಪದ ಹತ್ತಿತ್ತು. ಯಂತ್ರ ಬಿಟ್ಟ ಪದವನ್ನು ಮನುಷ್ಯ ಹಿಡಿದುಕೊಂಡಿರುವಾಗ, 2023ರ ಪಟ್ಟಿಯನ್ನು ಕೈಯಲ್ಲಿ ಹಿಡಿದು 2025ರಲ್ಲಿ ಹೊರಟವನಿಗೆ ಯಾರು ಸಿಗುತ್ತಾರೆ?

ಇಷ್ಟು ಆವೃತ್ತಿಯ ಮಾತಾಯಿತು. ಇನ್ನು ಸೂಚನೆಯ ಮಾತು. ಆವೃತ್ತಿ ಬದಲಾಗಲು ತಿಂಗಳುಗಳು ಬೇಕು, ಸೂಚನೆ ಬದಲಿಸಲು ಅರ್ಧ ನಿಮಿಷ ಸಾಕು. ಮಾಡೆಲ್ ಓದುವುದು ನೀವು ಕೇಳಿದ ಪ್ರಶ್ನೆಯನ್ನಷ್ಟೇ ಅಲ್ಲ. ಆ ಆ್ಯಪ್ ಮಾಡಿದವರು ಮೊದಲೇ ಬರೆದಿಟ್ಟ, ನಿಮ್ಮ ಕಣ್ಣಿಗೆ ಕಾಣದ ಸೂಚನೆಗಳೂ ಅದರ ಮುಂದಿರುತ್ತವೆ. ಚಿಕ್ಕದಾಗಿ ಹೇಳು, ಪಟ್ಟಿ ಮಾಡಬೇಡ, ಸಲುಗೆಯಿಂದ ಮಾತಾಡು ಎಂಬಂಥವು. ಆದ್ದರಿಂದ ಒಂದೇ ಮಾಡೆಲ್ ಎರಡು ಆ್ಯಪ್‌ಗಳಲ್ಲಿ ಎರಡು ಥರ ಬರೆಯುತ್ತದೆ. ಅದರ ಮೇಲೆ ಬಳಕೆದಾರರ ಮಾತು ಬೀಳುತ್ತದೆ.

ಇದರ ಪರಿಣಾಮ ಎಷ್ಟು ಎಂಬುದನ್ನು ಸ್ಟ್ಯಾನ್‌ಫರ್ಡಿನ ಸಂಶೋಧಕರು 2023ರಲ್ಲೇ ಅಳೆದರು. ಆಗ ಚಾಲ್ತಿಯಲ್ಲಿದ್ದ ಏಳು ಪತ್ತೆ ಸಾಧನಗಳಿಗೆ, ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಪರೀಕ್ಷೆಗೆಂದು ಬರೆದ 91 ಪ್ರಬಂಧಗಳನ್ನು ಕೊಟ್ಟರು. ಎಲ್ಲವೂ ಮನುಷ್ಯರೇ ಬರೆದವು. ಆ ಸಾಧನಗಳು ಸರಾಸರಿ ನೂರಕ್ಕೆ 61ನ್ನು ಯಂತ್ರದ್ದೆಂದವು. ಕಾರಣ ಸರಳ. ಮುಂದಿನ ಪದವನ್ನು ಎಷ್ಟು ಸುಲಭವಾಗಿ ಊಹಿಸಬಹುದು ಎಂಬುದನ್ನೇ ಅವು ಮುಖ್ಯವಾಗಿ ಅಳೆಯುತ್ತಿದ್ದವು. ಎರಡನೆಯ ಭಾಷೆಯಲ್ಲಿ ಬರೆಯುವವರ ಪದಸಂಪತ್ತು ಚಿಕ್ಕದು, ಅವರ ವಾಕ್ಯಗಳು ಊಹೆಗೆ ಸುಲಭವಾಗಿ ಸಿಗುತ್ತವೆ. ಅದೇ ಪ್ರಬಂಧಗಳ ಪದಗಳನ್ನು ಚಾಟ್‌ಜಿಪಿಟಿಯಿಂದ ಸ್ಥಳೀಯರ ಇಂಗ್ಲಿಷಿನಂತೆ ತಿದ್ದಿಸಿದಾಗ ತಪ್ಪು ಆರೋಪ ನೂರಕ್ಕೆ ಸುಮಾರು 12ಕ್ಕೆ ಇಳಿಯಿತು. ಯಂತ್ರ ಮುಟ್ಟಿದ ಮೇಲೆ ಬರಹ ಹೆಚ್ಚು 'ಮನುಷ್ಯರದ್ದು' ಆಯಿತು! ಇನ್ನೊಂದು ಕಡೆ, ಯಂತ್ರವೇ ಬರೆದ ಕಾಲೇಜು ಪ್ರವೇಶ ಪ್ರಬಂಧಗಳನ್ನು ಸಾಹಿತ್ಯಿಕ ಭಾಷೆಯಲ್ಲಿ ಎತ್ತರಿಸು ಎಂಬ ಒಂದೇ ಸೂಚನೆ ಕೊಟ್ಟು ಮತ್ತೆ ಬರೆಸಿದಾಗ, ಮೊದಲು ನೂರಕ್ಕೆ ನೂರರವರೆಗೂ ಸಿಕ್ಕಿಬೀಳುತ್ತಿದ್ದವು ಆಮೇಲೆ ಹೆಚ್ಚೆಂದರೆ 13ರಷ್ಟು ಮಾತ್ರ ಸಿಕ್ಕಿಬಿದ್ದವು.

ನಮ್ಮ ಪಟ್ಟಿಯ ಮೊದಲ ಲಕ್ಷಣವಾದ ಅಡ್ಡಗೆರೆಯ ಕಥೆಯೂ ಇದೇ. ಚಾಟ್‌ಜಿಪಿಟಿಗೆ ಅದರ ಹುಚ್ಚಿತ್ತು, ಬೇಡವೆಂದರೂ ಹಾಕುತ್ತಿತ್ತು. 2025ರ ನವೆಂಬರಿನಲ್ಲಿ ಓಪನ್‌ಎಐ ಮುಖ್ಯಸ್ಥ ಸ್ಯಾಮ್ ಆಲ್ಟ್‌ಮನ್, ಈಗ ಬೇಡವೆಂದು ಸೂಚನೆ ಕೊಟ್ಟರೆ ಅದು ಪಾಲಿಸುತ್ತದೆ ಎಂದು ಪ್ರಕಟಿಸಿದರು. ಆ ದಿನದಿಂದ ಅಡ್ಡಗೆರೆ ಇಲ್ಲದಿರುವುದು ಏನನ್ನೂ ಸಾಬೀತು ಮಾಡುವುದಿಲ್ಲ. ಅಡ್ಡಗೆರೆ ಇರುವುದಂತೂ ಮೊದಲೂ ಮಾಡುತ್ತಿರಲಿಲ್ಲ. ಕನ್ನಡದ ಹಳೆಯ ಗದ್ಯದ ಯಾವ ಪುಸ್ತಕ ತೆರೆದರೂ ಅವು ಧಾರಾಳವಾಗಿ ಸಿಗುತ್ತವೆ. ಇಂಗ್ಲಿಷಿನಲ್ಲಿ ಯಾರೋ ಮಾಡಿದ ಪಟ್ಟಿಯನ್ನು ಕನ್ನಡಕ್ಕೆ ತಂದು ನಾವು ನಮ್ಮ ಮಕ್ಕಳ ಮೇಲೆ ಪ್ರಯೋಗಿಸಿದ್ದೆವು.

"ಅದೆಲ್ಲ ಇರಲಿ, ಹತ್ತಕ್ಕೆ ಒಂದೆರಡು ತಪ್ಪಾದರೂ ಉಳಿದದ್ದು ಸಿಗುತ್ತದಲ್ಲ" ಎನ್ನುವವರಿಗಾಗಿ ಒಂದು ಲೆಕ್ಕ. 2023ರ ಜನವರಿಯಲ್ಲಿ ಓಪನ್‌ಎಐ ತಾನೇ ಒಂದು ಪತ್ತೆ ಸಾಧನ ಬಿಡುಗಡೆ ಮಾಡಿತು. ಯಂತ್ರದ ಬರಹದಲ್ಲಿ ನೂರಕ್ಕೆ 26ನ್ನು ಅದು ಹಿಡಿಯುತ್ತದೆ, ಮನುಷ್ಯರ ಬರಹದಲ್ಲಿ ನೂರಕ್ಕೆ 9ನ್ನು ತಪ್ಪಾಗಿ ಯಂತ್ರದ್ದೆನ್ನುತ್ತದೆ ಎಂದು ಕಂಪನಿಯೇ ಹೇಳಿತ್ತು. ಒಂದು ಸ್ಪರ್ಧೆಗೆ 200 ಪ್ರಬಂಧ ಬಂದಿವೆ, ಅದರಲ್ಲಿ 40 ಯಂತ್ರದವು ಎಂದಿಟ್ಟುಕೊಳ್ಳಿ. ಆ 40ರಲ್ಲಿ ಸುಮಾರು 10 ಸಿಗುತ್ತವೆ. ಉಳಿದ 160 ಮಕ್ಕಳಲ್ಲಿ ಸುಮಾರು 14 ಜನ ತಪ್ಪಾಗಿ ಸಿಕ್ಕಿಬೀಳುತ್ತಾರೆ. ಪಕ್ಕಕ್ಕಿಟ್ಟ 24 ಪ್ರಬಂಧಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಿರಪರಾಧಿಗಳವು, 30 ಯಂತ್ರದ ಪ್ರಬಂಧಗಳು ಬಹುಮಾನದ ಸಾಲಿನಲ್ಲೇ ಕೂತಿವೆ. ಆರು ತಿಂಗಳೊಳಗೆ, ಜುಲೈನಲ್ಲಿ, ನಿಖರತೆ ಸಾಲದೆಂದು ಕಂಪನಿ ಆ ಸಾಧನವನ್ನು ಹಿಂತೆಗೆದುಕೊಂಡಿತು. ಮಾಡೆಲ್ ತಯಾರಿಸಿದವರೇ ಕೈಬಿಟ್ಟ ಕೆಲಸವನ್ನು ನಾವು ಒಂದು ಜೆರಾಕ್ಸ್ ಹಾಳೆ ಹಿಡಿದು ಮಾಡಲು ಹೊರಟಿದ್ದೆವು. ಈಗ ಮಾರುಕಟ್ಟೆಯಲ್ಲಿರುವ ಸಾಧನಗಳು ಅದಕ್ಕಿಂತ ಮೇಲಾಗಿರಬಹುದು. ಆದರೂ ತಮಗೆ ತರಬೇತಿಯಲ್ಲಿ ತೋರಿಸದ ಹೊಸ ಮಾಡೆಲ್, ಹೊಸ ಸೂಚನೆ ಎದುರಾದಾಗ ಅವುಗಳ ಅಂಕಿ ಕುಸಿಯುತ್ತದೆ. ನಮ್ಮ ಕೈಯಲ್ಲಿದ್ದ ಹಾಳೆಗಂತೂ ಯಾವ ಅಂಕಿಯೂ ಇರಲಿಲ್ಲ, ಯಾರೂ ಅದನ್ನು ಪರೀಕ್ಷಿಸಿಯೇ ಇರಲಿಲ್ಲ.

"ನಾನು ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದವನು, ನೋಡಿದ ಕೂಡಲೇ ಗೊತ್ತಾಗುತ್ತದೆ" ಎನ್ನುವ ಹಿರಿಯರಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಈ ಆತ್ಮವಿಶ್ವಾಸದಲ್ಲಿ ಒಂದು ಮೋಸವಿದೆ. ಸಿಕ್ಕಿಬಿದ್ದದ್ದು ಮಾತ್ರ ನಮ್ಮ ನೆನಪಿನಲ್ಲಿರುತ್ತದೆ. ಕಣ್ತಪ್ಪಿಸಿ ಹೋದದ್ದನ್ನು ನಾವು ಮನುಷ್ಯರದ್ದೆಂದೇ ಎಣಿಸಿರುತ್ತೇವೆ, ಹಾಗಾಗಿ ನಮ್ಮ ಸೋಲು ನಮಗೆ ಕಾಣುವುದೇ ಇಲ್ಲ. ಕೆಲವು ವರ್ಷಗಳ ಹಿಂದೆ ಈ ಮಾಡೆಲ್‌ಗಳ ಕನ್ನಡ ಇಂಗ್ಲಿಷ್ ವಾಕ್ಯಕ್ಕೆ ಪಂಚೆ ಉಡಿಸಿದಂತಿತ್ತು, ಯಾರಾದರೂ ಗುರುತಿಸಬಹುದಿತ್ತು. ನಮ್ಮ ಕಣ್ಣು ಪಳಗಿದ್ದು ಆ ಕನ್ನಡದ ಮೇಲೆ. ಈಗ ಬರುವುದು ಆ ಕನ್ನಡವಲ್ಲ.

ಪಟ್ಟಿಯನ್ನು ಆಗಾಗ ಹೊಸದು ಮಾಡುತ್ತಿದ್ದರಾಯಿತು ಎಂಬುದು ಇನ್ನೊಂದು ವಾದ. ಹೊಸ ಪಟ್ಟಿ ಪ್ರಕಟವಾದ ಗಳಿಗೆಯೇ ಅದು ಒಂದು ಸೂಚನೆಯಾಗಿಬಿಡುತ್ತದೆ. ಕದಿಯಬೇಕೆಂದವನು ಅದನ್ನು ಹಾಗೇ ಮಾಡೆಲ್‌ಗೆ ಅಂಟಿಸಿ, ಈ ಏಳೂ ಇರಕೂಡದು, ನಡುನಡುವೆ ಎರಡು ಕಾಗುಣಿತದ ತಪ್ಪೂ ಇರಲಿ ಎನ್ನುತ್ತಾನೆ. ಪಟ್ಟಿಯ ಸುದ್ದಿಯೇ ಗೊತ್ತಿಲ್ಲದೆ, ತನ್ನ ಮೇಡಂ ಕಲಿಸಿದ ಹಾಗೆ, ಅಪ್ಪ ತಿದ್ದಿದ ಹಾಗೆ ಬರೆದವಳು ಸಿಕ್ಕಿಬೀಳುತ್ತಾಳೆ. ಇಂಥ ಪಟ್ಟಿ ಕಾಲ ಕಳೆದಂತೆ ಪ್ರಾಮಾಣಿಕರನ್ನೇ ಹೆಚ್ಚು ಹೆಚ್ಚು ಹಿಡಿಯುತ್ತದೆ.

ಎಣಿಕೆಯೇ ನಿಷ್ಪ್ರಯೋಜಕ ಎಂದು ನಾನು ಹೇಳುತ್ತಿಲ್ಲ. ಕೋಬಾಕ್ ತಂಡದ ಲೆಕ್ಕ ಗಟ್ಟಿಯಾದದ್ದು. 2024ರ ಸಾರಾಂಶಗಳಲ್ಲಿ ಕನಿಷ್ಠ ನೂರಕ್ಕೆ 13.5ರಷ್ಟು ಯಂತ್ರದ ಕೈ ದಾಟಿ ಬಂದಿವೆ ಎಂದು ಅವರು ಹೇಳಬಲ್ಲರು. ಏಕೆಂದರೆ ಅವರು ಲಕ್ಷಗಟ್ಟಲೆ ಬರಹಗಳನ್ನು ಒಟ್ಟಿಗೆ ನೋಡಿದರು, ಹೋಲಿಸಲು ಯಂತ್ರ ಬರುವ ಮುಂಚಿನ ವರ್ಷಗಳಿದ್ದವು, ಒಬ್ಬೊಬ್ಬರ ತಲೆಯ ಮೇಲೆ ಆರೋಪ ಹೊರಿಸಲಿಲ್ಲ. ಅದೇ ಸಂಶೋಧನೆಯಿಂದ ಒಂದು ಪದ ಎತ್ತಿಕೊಂಡು ಒಬ್ಬ ವಿದ್ಯಾರ್ಥಿಯ ಮುಂದೆ ಹಿಡಿದರೆ ಅದು ಪುರಾವೆಯಾಗುವುದಿಲ್ಲ. ಊರಿನಲ್ಲಿ ಈ ವರ್ಷ ನಕಲು ಹೆಚ್ಚಿದೆ ಎಂದು ತಿಳಿದರೆ, ಎದುರಿಗೆ ಕೂತ ಹುಡುಗ ನಕಲು ಮಾಡಿದ ಎಂದಾಗುವುದಿಲ್ಲವಲ್ಲ.

ಒಬ್ಬರ ಮೇಲೆ ಸಂಶಯ ಬಂದಾಗ ನೋಡಬೇಕಾದ ವಿಷಯಗಳು ಶೈಲಿಯ ಹೊರಗಿವೆ. ಇಲ್ಲದ ಪುಸ್ತಕದ ಉಲ್ಲೇಖ ಕೊಟ್ಟಿದ್ದರೆ ಅದನ್ನು ಪರಿಶೀಲಿಸಿ ಹೇಳಬಹುದು. ಯಂತ್ರದ ಜೊತೆಗಿನ ಸಂಭಾಷಣೆಯ ಸಾಲೇ ಅಳಿಸಲು ಮರೆತು ಉಳಿದಿದ್ದರೆ ಅದನ್ನು ತೋರಿಸಬಹುದು. ಕರಡು ಕೇಳಬಹುದು. ಎಲ್ಲಕ್ಕಿಂತ ಸುಲಭವಾದದ್ದು, ಕರೆದು ಹತ್ತು ನಿಮಿಷ ಮಾತಾಡಿಸುವುದು. ಆ ಹುಡುಗಿಯನ್ನು ಫಲಿತಾಂಶಕ್ಕೆ ಮೊದಲೇ ಕರೆದು ಸೈಕಲ್ ಶಾಪಿನ ಬಗ್ಗೆ ಕೇಳಿದ್ದರೆ ಸಾಕಿತ್ತು. ಅವಳು ನನಗೆ ಆಮೇಲೆ ಹೇಳಿದ್ದು ಪ್ರಬಂಧದಲ್ಲಿ ಇರದ ಸಂಗತಿಗಳು: ಪಂಕ್ಚರ್ ನೋಡಲು ಮಾವ ಟ್ಯೂಬನ್ನು ಅದ್ದುತ್ತಿದ್ದ ಹಳೆಯ ಬಾಂಡ್ಲಿ ಈಗ ಅವರ ಹಿತ್ತಿಲಲ್ಲಿ ಕೋಳಿಗಳಿಗೆ ನೀರಿಡಲು ಆಗಿದೆ, ಶಾಪಿನ ಬೀಗದ ಕೈ ಇನ್ನೂ ದೇವರ ಮನೆಯ ಮೊಳೆಯಲ್ಲಿದೆ. 63 ಜನರನ್ನೂ ಮಾತಾಡಿಸುವುದು ಕಷ್ಟ ನಿಜ. ಬಹುಮಾನದಿಂದ ಹೊರಗಿಡಬೇಕೆಂದಿದ್ದ ನಾಲ್ಕೈದು ಜನರನ್ನು ಮಾತಾಡಿಸುವುದು ಕಷ್ಟವಾಗಿರಲಿಲ್ಲ. ನಮಗೆ ಹಾಳೆ ಸುಲಭವಾಗಿ ಕಂಡಿತು, ಅಷ್ಟೇ.

ಈ ವರ್ಷವೂ ನನ್ನನ್ನು ಕರೆದಿದ್ದಾರೆ. ಪಟ್ಟಿ ಹಿಡಿದು ಕೂರುವುದಾದರೆ ನಾನು ಬರುವುದಿಲ್ಲ, ಸಂಶಯ ಬಂದವರನ್ನು ಕರೆದು ಮಾತಾಡಿಸುವುದಾದರೆ ಒಂದು ದಿನ ಮುಂಚಿತವಾಗಿಯೇ ಬರುತ್ತೇನೆ ಎಂದು ತಿಳಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಕಳೆದ ವರ್ಷ ಮೊದಲ ಬಹುಮಾನ ಪಡೆದ ಪ್ರಬಂಧದಲ್ಲಿ ಏಳರಲ್ಲಿ ಒಂದು ಲಕ್ಷಣವೂ ಇರಲಿಲ್ಲ, ಎರಡು ಕಾಗುಣಿತದ ತಪ್ಪುಗಳೂ ಇದ್ದವು. ಅಪ್ಪಟ ಮನುಷ್ಯರ ಬರಹ ಎಂದು ಮೂವರೂ ಹೊಗಳಿದ್ದೆವು. ಅದನ್ನು ಬರೆದವನನ್ನೂ ನಾವು ಮಾತಾಡಿಸಲಿಲ್ಲ.